ಇನ್ನೂರು ಗ್ರಾಂ ಕೋಡುಬಳೆ ಪ್ಯಾಕೆಟ್ಟು ಚಿಕ್ಕದಾದ ಪ್ರಕರಣ

ಇದು ಮಧ್ಯ ಕರ್ನಾಟಕದ ಒಂದು ಸಣ್ಣ ಕುರುಕು ತಿಂಡಿ ಘಟಕದ ಕಥೆ. ಊರು, ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕ ಮಾತ್ರ ಹಾಗೇ ಇದೆ. ನಾನು ಇಂಥ ಘಟಕಗಳಿಗೆ ದರದ ಲೆಕ್ಕ ಹಾಕಿಕೊಡುತ್ತೇನೆ, ಲೇಬಲ್ ನೋಡಿಕೊಡುತ್ತೇನೆ. ಈ ಕೇಸಿನಲ್ಲಿ ನನ್ನನ್ನು ಕರೆದದ್ದು ಎಡವಟ್ಟಾದ ಮೇಲೆ.

ಘಟಕದ ಯಜಮಾನಿಯನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ಹದಿನೆಂಟು ವರ್ಷದ ಹಿಂದೆ ಮನೆಯ ಹಿತ್ತಲಲ್ಲಿ ಒಂದು ಬಾಣಲೆ ಇಟ್ಟು ಶುರು ಮಾಡಿದವರು. ಈಗ ಹನ್ನೆರಡು ಜನ ಹೆಂಗಸರು ಕೆಲಸಕ್ಕಿದ್ದಾರೆ. ಚಕ್ಕುಲಿ, ನಿಪ್ಪಟ್ಟು ಎಲ್ಲ ಇದೆ, ಆದರೆ ಹೊಟ್ಟೆ ತುಂಬಿಸುವುದು ಕೋಡುಬಳೆ. ಇನ್ನೂರು ಗ್ರಾಂ ಪ್ಯಾಕೆಟ್ಟು, ಎಂಆರ್‌ಪಿ 50 ರೂಪಾಯಿ. ತಿಂಗಳಿಗೆ ಸುಮಾರು 9,000 ಪ್ಯಾಕೆಟ್ಟು ಹೋಗುತ್ತಿತ್ತು, ಹೆಚ್ಚಿನದು ಒಬ್ಬರೇ ಏಜೆನ್ಸಿಯವರ ಮೂಲಕ ಕಿರಾಣಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗಳಿಗೆ.

2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿತು. ಕಚ್ಚಾ ಎಣ್ಣೆಗಳ ಮೇಲೆ ಒಟ್ಟು ಶೇ 5.5 ಇದ್ದದ್ದು ಶೇ 27.5 ಆಯಿತು. ಕರಿಯುವ ತಿಂಡಿ ಮಾಡುವವರಿಗೆ ಇದು ಮರುದಿನವೇ ತಟ್ಟುತ್ತದೆ. ಅಕ್ಕನ ಬಿಲ್ಲುಗಳಲ್ಲಿ ಎಣ್ಣೆ ಕೆ.ಜಿ.ಗೆ 100 ರೂಪಾಯಿ ಆಸುಪಾಸು ಇದ್ದದ್ದು ಡಿಸೆಂಬರ್ ಹೊತ್ತಿಗೆ 135ಕ್ಕೆ ಬಂದಿತ್ತು. ಕೊಬ್ಬರಿಯೂ ಏರುತ್ತಿತ್ತು.

ಆಗ ಮನೆಯಲ್ಲಿ ಮೂರು ದಾರಿ ಚರ್ಚೆಗೆ ಬಂದಿದ್ದವು. ಬೆಲೆ ಏರಿಸೋದು, ಎಣ್ಣೆ ಕೊಬ್ಬರಿಯಲ್ಲಿ ಕೈ ಹಿಡಿಯೋದು, ತೂಕ ಇಳಿಸೋದು. ಎರಡನೆಯದಕ್ಕೆ ಅಕ್ಕ ಒಪ್ಪಲಿಲ್ಲ. ಬೆಲೆ ಏರಿಸೋಣ ಅಂದರೆ ಏಜೆನ್ಸಿಯವರು ಒಪ್ಪಲಿಲ್ಲ. ಐವತ್ತು ಅಂದರೆ ಒಂದು ನೋಟು. ಐವತ್ತಾರು ಮಾಡಿದರೆ ಅಂಗಡಿಯವರಿಗೆ ಚಿಲ್ಲರೆ ತಲೆನೋವು, ಅರವತ್ತು ಮಾಡಿದರೆ ಶೇ 20 ಏರಿಸಿದ ಹಾಗೆ. ಈ ವಾದದಲ್ಲಿ ಹುರುಳಿದೆ, ನಾನೂ ಒಪ್ಪುತ್ತೇನೆ. ತೂಕ ಇಳಿಸಿದ್ದೇ ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ.

ಇಳಿಸಿದ ರೀತಿ ತಪ್ಪು. ಮಾರಾಟ ನೋಡಿಕೊಳ್ಳುವ ಮಗ 170 ಗ್ರಾಂ ಅಂತ ತೀರ್ಮಾನ ಮಾಡಿದ. ಕವರಿನ ಅಳತೆ ಅದೇ, ಬಣ್ಣ ಅದೇ. ಹಳೆಯ ಕವರಿನ ಮುಂಭಾಗದಲ್ಲಿ ಒಂದು ಹಳದಿ ವೃತ್ತದೊಳಗೆ ‘200 ಗ್ರಾಂ’ ಅಂತ ದೊಡ್ಡದಾಗಿ ಇತ್ತು. ಹೊಸ ಕವರಿನಲ್ಲಿ ಅದೇ ವೃತ್ತ, ಅದೇ ಹಳದಿ, ಒಳಗೆ ಮಾತ್ರ ‘ಹೊಸ ಪ್ಯಾಕ್’. ನಿವ್ವಳ ತೂಕ 170 ಗ್ರಾಂ ಅನ್ನೋದು ಹಿಂಬದಿಯಲ್ಲಿ, ಎಂಆರ್‌ಪಿ, ತಯಾರಿಕೆ ದಿನಾಂಕದ ಸಾಲಿನಲ್ಲಿ. 2025ರ ಜನವರಿಯಲ್ಲಿ ಮಾಲು ಹೊರಟಿತು. ಏಜೆನ್ಸಿಯವರಿಗೆ ಹೇಳಿದ್ದರು. ಅಂಗಡಿಯವರಿಗೆ ಹೇಳಿರಲಿಲ್ಲ.

ಅಂಗಡಿ ಗಲ್ಲೆಯ ಮುಂದೆ

ಒಂದು ಆರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಒಂದು ಕಾಂಡಿಮೆಂಟ್ಸ್ ಅಂಗಡಿಯಲ್ಲಿ, ವರ್ಷಗಳಿಂದ ಅಲ್ಲೇ ಕೋಡುಬಳೆ ಕೊಳ್ಳುವ ಒಬ್ಬ ಅಜ್ಜಿ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡಿ, ತಕ್ಕಡಿ ಮೇಲೆ ಇಡು ಅಂದರು. ಅಂಗಡಿಯವರು ಇಟ್ಟರು. ಕವರು ಸೇರಿ 176 ಬಂತು. ಅವರ ಮುಖ ಸಪ್ಪೆಯಾಯಿತಂತೆ.

‘ಏನಪ್ಪಾ, ಹೊಸ ಪ್ಯಾಕ್ ಅಂತ ಹಾಕಿದ್ದೀರ. ಹೊಸದು ಅಂದ್ರೆ ಏನು? ಎರಡೂವರೆ ಕೋಡುಬಳೆ ಕಮ್ಮಿ ಇರೋದಾ?’

ಲೆಕ್ಕ ಸರಿ ಇತ್ತು. ಅಕ್ಕನ ಕೋಡುಬಳೆ ಒಂದೊಂದು ಸುಮಾರು 12 ಗ್ರಾಂ ತೂಗುತ್ತದೆ. 30 ಗ್ರಾಂ ಅಂದರೆ ಎರಡೂವರೆ.

ಕಾನೂನಿನ ಕಣ್ಣಲ್ಲಿ ಆ ಪ್ಯಾಕೆಟ್ಟಿನ ತೂಕದಲ್ಲಿ ಏನೂ ದೋಷ ಇರಲಿಲ್ಲ. ಬರೆದದ್ದು 170, ಒಳಗಿದ್ದದ್ದು 170ಕ್ಕಿಂತ ಒಂದು ಗ್ರಾಂ ಜಾಸ್ತಿಯೇ. ಪ್ಯಾಕೇಜ್ ಮಾಡಿದ ಸರಕುಗಳ ನಿಯಮಕ್ಕೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಂದು ಗ್ರಾಂಗೆ ಎಷ್ಟು ಬೆಲೆ ಅಂತಲೂ ಮುದ್ರಿಸಬೇಕು. ಮಗ ಅದನ್ನೂ ಮುದ್ರಿಸಿದ್ದ: ಗ್ರಾಂಗೆ 0.29 ರೂ. ಹಳೆಯ ಕವರಿನಲ್ಲಿ ಅದು 0.25 ಇತ್ತು. ಹಾಗಾಗಿ ಮಗ ನನ್ನ ಮುಂದೆ ಕವರು ಹಿಡಿದು ವಾದ ಮಾಡಿದ. ‘ಸಾರ್, ಎಲ್ಲ ಬರೆದಿದೀವಿ. ಮುಚ್ಚಿಟ್ಟಿದ್ದು ಏನಿದೆ ಹೇಳಿ?’

ನಾನು ಆ ಹಳದಿ ವೃತ್ತದ ಮೇಲೆ ಬೆರಳಿಟ್ಟೆ. ಜನ ಹದಿನೆಂಟು ವರ್ಷ ತೂಕ ನೋಡಿ ಅಭ್ಯಾಸವಾದ ಜಾಗ ಅದು. ಅಲ್ಲಿಂದ ಅಂಕಿ ತೆಗೆದು ಖುಷಿಯ ಮಾತು ಹಾಕಿದ್ದೇ ಮುಚ್ಚಿಟ್ಟಿದ್ದು. ಇನ್ನು ಗ್ರಾಂ ಬೆಲೆ. ಇಪ್ಪತ್ತೈದು ಪೈಸೆ ಇಪ್ಪತ್ತೊಂಬತ್ತು ಪೈಸೆ ಆಯಿತು ಅಂದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ಅದನ್ನೇ ಕೆ.ಜಿ. ಲೆಕ್ಕದಲ್ಲಿ ಹೇಳಿ ನೋಡಿ. 250 ರೂಪಾಯಿ ಇದ್ದದ್ದು 294. ಈಗ ನಾಟಿತು ಅಲ್ವಾ? ಒಂದು ಕೆ.ಜಿ.ಗಿಂತ ಕಮ್ಮಿ ತೂಕದ ಪ್ಯಾಕಿನ ಮೇಲೆ ಗ್ರಾಂ ಬೆಲೆಯನ್ನೇ ಮುದ್ರಿಸಬೇಕು, ಅದು ನಿಯಮ. ಆದರೆ ಮಾತಿನಲ್ಲಿ, ಬೋರ್ಡಿನಲ್ಲಿ ಕೆ.ಜಿ. ಬೆಲೆ ಹೇಳುವುದನ್ನು ಯಾರೂ ತಡೆದಿಲ್ಲ.

ಅಜ್ಜಿಯ ಮೊಮ್ಮಗ ಹಳೆಯ ಮತ್ತು ಹೊಸ ಪ್ಯಾಕೆಟ್ಟಿನ ಫೋಟೋ ಪಕ್ಕಪಕ್ಕ ಇಟ್ಟು ಬಡಾವಣೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಫೆಬ್ರವರಿ, ಮಾರ್ಚಿನಲ್ಲಿ ಮಾರಾಟ 7,400ಕ್ಕೆ ಇಳಿಯಿತು. ಅದಕ್ಕಿಂತ ಅಕ್ಕನಿಗೆ ನೋವಾದದ್ದು ಬೇರೆ. ಮೂರು ಅಂಗಡಿಯವರು ಏಜೆನ್ಸಿ ಹುಡುಗನ ಹತ್ತಿರ ಒಂದೇ ಮಾತು ಹೇಳಿ ಕಳಿಸಿದ್ದರು: ಗಿರಾಕಿ ಮುಂದೆ ನಾವು ಕಳ್ಳರಾದ್ವಿ, ಒಂದು ಮಾತು ಮೊದಲೇ ಹೇಳಬಾರದಿತ್ತಾ?

ಕಾರಣ ಎಷ್ಟೋ ಅಷ್ಟೇ

ನಾನು ಹೋದಾಗ ಎಲ್ಲರೂ ಒಂದು ಚೀಟಿ ಬರೆದು ಅಂಟಿಸಿದರೆ ಮುಗಿಯಿತು ಅನ್ನುವ ಹುಮ್ಮಸ್ಸಿನಲ್ಲಿದ್ದರು. ಎಣ್ಣೆ ಬೆಲೆ ಏರಿದೆ, ಅದಕ್ಕೇ ತೂಕ ಇಳಿಸಿದ್ದೇವೆ, ಸಹಕರಿಸಿ. ನಾನು ಮೊದಲು ಬಿಲ್ಲು ತನ್ನಿ ಅಂದೆ. ಏರಿದ ಖರ್ಚು ಎಷ್ಟು, ಏರಿಸಿದ ಬೆಲೆ ಎಷ್ಟು, ಎರಡೂ ತಾಳೆ ಆಗದಿದ್ದರೆ ಆ ಚೀಟಿಯೇ ನಾಳೆ ನಮ್ಮ ಕುತ್ತಿಗೆಗೆ ಬರುತ್ತದೆ.

ಕೂತು ಲೆಕ್ಕ ಹಾಕಿದೆವು. ಒಂದು ಕೆ.ಜಿ. ಕೋಡುಬಳೆಗೆ, ಹೀರುವುದು ಮತ್ತು ಬಾಣಲೆಯಲ್ಲಿ ಉಳಿದು ಎಸೆಯುವುದು ಸೇರಿ, ಸುಮಾರು 300 ಗ್ರಾಂ ಎಣ್ಣೆ ಬೇಕು. ಕೆ.ಜಿ.ಗೆ 35 ರೂಪಾಯಿ ಏರಿದರೆ ಇಲ್ಲಿ ಹತ್ತೂವರೆ ರೂಪಾಯಿ. ಕೊಬ್ಬರಿ 80 ಗ್ರಾಂ, ಅದಕ್ಕೊಂದು ನಾಲ್ಕು ರೂಪಾಯಿ. ಗ್ಯಾಸು, ಕವರು ಸೇರಿ ಮೂರೂವರೆ. ಒಟ್ಟು 18 ರೂಪಾಯಿ. ತೆರಿಗೆ, ಅಂಗಡಿ ಮಾರ್ಜಿನ್, ಏಜೆನ್ಸಿ ಕಮಿಷನ್ ಕಳೆದು ಘಟಕಕ್ಕೆ ಬರುತ್ತಿದ್ದದ್ದು ಕೆ.ಜಿ.ಗೆ 167 ರೂಪಾಯಿ. ಅಂದರೆ ಶೇ 11ರಷ್ಟು ಜಾಸ್ತಿ ಬಂದರೆ ಖರ್ಚು ಸರಿಹೋಗುತ್ತದೆ.

ಈಗ ತೂಕದ ಕಡೆ ಬನ್ನಿ. ಇಲ್ಲೇ ಮಗ ಎಡವಿದ್ದು, ಇಲ್ಲೇ ತುಂಬಾ ಜನ ಎಡವುತ್ತಾರೆ. ತೂಕ ಶೇ 15 ಇಳಿಸಿದರೆ ಬೆಲೆ ಶೇ 15 ಏರುವುದಿಲ್ಲ. 50 ರೂಪಾಯಿಗೆ 200 ಗ್ರಾಂ ಕೊಡುತ್ತಿದ್ದವರು 170 ಕೊಟ್ಟರೆ 200ನ್ನು 170ರಿಂದ ಭಾಗಿಸಬೇಕು. ಏರಿಕೆ ಶೇ 17.6. ಮಗನ ಮೊದಲ ಯೋಚನೆ 160 ಗ್ರಾಂ ಇತ್ತಂತೆ. ಅದಾಗಿದ್ದರೆ ತೂಕದಲ್ಲಿ ಶೇ 20 ಕಡಿತ, ಬೆಲೆಯಲ್ಲಿ ಶೇ 25 ಏರಿಕೆ. ಕಡಿತ ದೊಡ್ಡದಾದಷ್ಟೂ ಈ ಎರಡರ ನಡುವಿನ ಅಂತರ ದೊಡ್ಡದಾಗುತ್ತದೆ.

170ರಲ್ಲಿ ಘಟಕಕ್ಕೆ ಕೆ.ಜಿ.ಗೆ ಸುಮಾರು 196 ರೂಪಾಯಿ ಬರುತ್ತಿತ್ತು. ಏರಿದ ಖರ್ಚು 18, ಏರಿಸಿದ್ದು 29. ಮೇಲಿನ 11 ರೂಪಾಯಿಗೆ ಎಣ್ಣೆಯ ಹೆಸರು ಹೇಳಲು ಬರುವುದಿಲ್ಲ. ‘ಮುಂದೆ ಇನ್ನೂ ಏರಿದರೆ ಅಂತ ಸ್ವಲ್ಪ ಹಿಡಿದಿಟ್ಟೆ’ ಅಂದ ಮಗ. ಅದು ಸುಳ್ಳಲ್ಲ, ಎಲ್ಲ ವ್ಯಾಪಾರಿಗಳೂ ಹಾಗೇ ಮಾಡುತ್ತಾರೆ. ಆದರೆ ಅದನ್ನು ಗಿರಾಕಿಗೆ ಬಿಡಿಸಿ ಹೇಳೋಕೆ ಆಗುತ್ತಾ ಅಂತ ಅಕ್ಕ ಕೇಳಿದರು. ಸುಮ್ಮನಾದ.

180 ಗ್ರಾಂ ಮಾಡಿದರೆ ಏರಿಕೆ ಶೇ 11.1. ಕೆ.ಜಿ.ಗೆ 250 ಇದ್ದದ್ದು 278. ಘಟಕಕ್ಕೆ ಹದಿನೆಂಟೂವರೆ ರೂಪಾಯಿ ಜಾಸ್ತಿ. ಖರ್ಚಿಗೆ ಸರಿಯಾಗಿ ಕೂತಿತು. ಈ ಪ್ರಕರಣದ ದೊಡ್ಡ ತೀರ್ಮಾನ ಇದೇ, ಅದನ್ನು ಮಾಡಿದವರು ಅಕ್ಕ: 170ನ್ನು ವಿವರಿಸುವುದು ಬೇಡ, 180ಕ್ಕೆ ಹೋಗೋಣ, ಆಮೇಲೆ ಹೇಳೋಣ.

ಹಳೆಯ 170 ಗ್ರಾಂ ಕವರು 22 ಕೆ.ಜಿ. ಉಳಿದಿತ್ತು. ಅದರ ಮೇಲೆ ‘180 ಗ್ರಾಂ’ ಅಂತ ಸ್ಟಿಕ್ಕರ್ ಹಚ್ಚೋಣ ಅಂತ ಒಬ್ಬರು ಹೇಳಿದರು. ಆಗುವುದಿಲ್ಲ. ಕಡ್ಡಾಯ ಘೋಷಣೆಗಳನ್ನು ಸ್ಟಿಕ್ಕರ್ ಹಚ್ಚಿ ಬದಲಿಸುವಂತಿಲ್ಲ. ಎಂಆರ್‌ಪಿ ಇಳಿಸುವುದಕ್ಕೆ ಮಾತ್ರ ಸ್ಟಿಕ್ಕರ್ ಹಚ್ಚಬಹುದು, ಅದೂ ಹಳೆಯ ಎಂಆರ್‌ಪಿ ಮುಚ್ಚದ ಹಾಗೆ. ಆ ಕವರು ಗುಜರಿಗೆ ಹೋಯಿತು. ಆರೇಳು ಸಾವಿರ ನಷ್ಟ.

ವೃತ್ತದೊಳಗೆ ಏನು ಬರೆಯುವುದು

ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ ಒಂದು ನಿಯಮ ಇದೆ. 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು, ತೂಕ ಇಳಿದು ಕೆ.ಜಿ. ಅಥವಾ ಲೀಟರ್ ಲೆಕ್ಕದ ಬೆಲೆ ಏರಿದ ಸಾಮಾನಿನ ಹತ್ತಿರ ಎರಡು ತಿಂಗಳು ಫಲಕ ಹಾಕಬೇಕು. ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು, ಆ ಲೆಕ್ಕದಲ್ಲಿ ಬೆಲೆ ಎಷ್ಟು ಏರಿತು, ಈ ಮೂರೂ ಅದರಲ್ಲಿ ಇರಬೇಕು. ನಮಗೆ ಆ ನಿಯಮ ಅನ್ವಯಿಸುವುದಿಲ್ಲ. ಆದರೆ ಆ ಮೂರು ಮಾತು ನನಗೆ ಹಿಡಿಸಿದ್ದವು. ಒಂದು ಬಿಟ್ಟರೂ ಮಿಕ್ಕ ಎರಡು ಕುಂಟುತ್ತವೆ. ‘ಬೆಲೆಯಲ್ಲಿ ಬದಲಾವಣೆ ಇಲ್ಲ’ ಅಂತ ಮಾತ್ರ ಬರೆದರೆ, ನಿಜ ಹೇಳುತ್ತಲೇ ಸುಳ್ಳು ಹೇಳಿದ ಹಾಗೆ.

ಮೊದಲ ಕರಡಿನಲ್ಲಿ ಡಿಸೈನ್ ಮಾಡುವ ಹುಡುಗ ವೃತ್ತದೊಳಗೆ 200ನ್ನು ದೊಡ್ಡದಾಗಿ ಬರೆದು ಅಡ್ಡಗೆರೆ ಎಳೆದಿದ್ದ, ಪಕ್ಕದಲ್ಲಿ 180. ನೋಡಲು ಚೆನ್ನಾಗಿತ್ತು. ಆದರೆ ಅಂಗಡಿಯಲ್ಲಿ ಪ್ಯಾಕೆಟ್ಟು ನೇತಾಡುತ್ತಿರುತ್ತದೆ, ಕವರು ಸುಕ್ಕಾಗಿರುತ್ತದೆ, ಆ ಗೆರೆ ಕಾಣುವುದೇ ಇಲ್ಲ. ಅವಸರದಲ್ಲಿ ಕಣ್ಣಿಗೆ ಬೀಳುವುದು 200. ತೂಕ ಅಳತೆ ಇಲಾಖೆಯವರು ನೋಡಿದರೂ ಅದನ್ನೇ ಕೇಳುತ್ತಾರೆ. ಕೊನೆಗೆ ವೃತ್ತದೊಳಗೆ 180 ಗ್ರಾಂ ಒಂದೇ, ದಪ್ಪ ಅಕ್ಷರದಲ್ಲಿ. ಕೆಳಗೆ ಚಿಕ್ಕ ಅಕ್ಷರದಲ್ಲಿ, ಆದರೆ ಕನ್ನಡಕ ಇಲ್ಲದೆ ಓದುವಷ್ಟು:

‘ಮೊದಲು 200 ಗ್ರಾಂ ಇತ್ತು, ಈಗ 180 ಗ್ರಾಂ. ಬೆಲೆ ಅದೇ 50 ರೂ. ಹಾಗಾಗಿ ಕೆ.ಜಿ.ಗೆ 250 ರೂ. ಬೀಳುತ್ತಿದ್ದದ್ದು ಈಗ 278 ರೂ. ಬೀಳುತ್ತದೆ.’

ಶೇಕಡಾ ಬೇಡ ಅಂದದ್ದು ಅಕ್ಕ. ‘ತೂಕ ಶೇ 10 ಕಮ್ಮಿ’ ಅಂತ ಹಾಕೋಣ ಅಂತ ಮಗ ಹೇಳಿದ್ದ, ಹತ್ತು ಅನ್ನೋದು ಹನ್ನೊಂದಕ್ಕಿಂತ ಚಿಕ್ಕದಾಗಿ ಕಾಣುತ್ತೆ ಅಂತ. ರೂಪಾಯಿಯಲ್ಲಿ ಹೇಳಿದರೆ ಆ ಜಗ್ಗಾಟವೇ ಇಲ್ಲ.

ಇನ್ನೊಂದು ಪ್ರಶ್ನೆ, ಕಾರಣವನ್ನು ಎಲ್ಲಿ ಬರೆಯುವುದು. ಕವರಿನ ಮೇಲೆ ಎಣ್ಣೆಯ ಮಾತು ಹಾಕಿದರೆ ಆ ಕವರು ಮುಗಿಯುವವರೆಗೆ ಅದು ನಿಜವಾಗಿಯೇ ಇರಬೇಕು. ಆದ್ದರಿಂದ ಕಾರಣವನ್ನು ಅಂಗಡಿಯ ಕಾರ್ಡಿಗೆ ಮಾತ್ರ ಇಟ್ಟೆವು. ಪ್ಯಾಕೆಟ್ಟು ನೇತುಹಾಕುವ ಜಾಗದಲ್ಲಿ ಸಿಗಿಸುವ ಒಂದು ರಟ್ಟಿನ ಕಾರ್ಡು. ಎಣ್ಣೆ, ಕೊಬ್ಬರಿಯಿಂದ ಕೆ.ಜಿ.ಗೆ ಹದಿನಾಲ್ಕೂವರೆ ರೂಪಾಯಿ, ಗ್ಯಾಸು, ಕವರಿನಿಂದ ಮೂರೂವರೆ ರೂಪಾಯಿ ಖರ್ಚು ಏರಿದೆ ಅಂತ. ಕಾರ್ಡಿನಲ್ಲಿ ಇನ್ನೂ ಒಂದು ಸಾಲಿತ್ತು. ಜನವರಿಯಿಂದ 170 ಗ್ರಾಂ ಮಾಡಿ ನಿಮಗೆ ಹೇಳಿರಲಿಲ್ಲ, ಅದು ನಮ್ಮ ತಪ್ಪು. ಈ ಸಾಲಿಗೆ ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ಏಜೆನ್ಸಿಯವರಂತೂ ಸಿಟ್ಟಾದರು. ‘ಅಕ್ಕಾ, ದೊಡ್ಡ ದೊಡ್ಡ ಕಂಪನಿಗಳೇ ಬಾಯಿ ಬಿಡದೆ ಗ್ರಾಂ ಇಳಿಸ್ತಾವೆ. ನಾವು ಮಾತ್ರ ಡಂಗುರ ಹೊಡೀಬೇಕಾ?’ ಅಕ್ಕ ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ಮಾಲು ಹೋಗುವ ವಾರದ ಮೊದಲು ದೂರು ಬಂದಿದ್ದ ಆ ಮೂರು ಅಂಗಡಿಗೆ ಮತ್ತು ದೊಡ್ಡ ಹತ್ತು ಅಂಗಡಿಗೆ ತಾವೇ ಹೋಗಿ ಬಂದರು. ಅಂಗಡಿಯವರಿಗೆ ಬೇಕಾಗಿದ್ದದ್ದು ಗಿರಾಕಿ ಕೇಳಿದಾಗ ಹೇಳಲು ಒಂದು ಉತ್ತರ, ಅಷ್ಟೇ.

ಏನಾಯಿತು

ಏಪ್ರಿಲ್ ಕೊನೆಯಲ್ಲಿ ಹೊಸ ಪ್ಯಾಕೆಟ್ಟು ಬಂತು. ಮೊದಲ ತಿಂಗಳು ಮಾರಾಟ ಇನ್ನೂ ಇಳಿಯಿತು, 7,100ಕ್ಕೆ. ತೂಕ ಇಳಿದದ್ದು ಗೊತ್ತೇ ಇಲ್ಲದ ಗಿರಾಕಿಗಳಿಗೂ ಈಗ ಗೊತ್ತಾಯಿತು. ಇದಕ್ಕೆ ಸಿದ್ಧರಿರಬೇಕು. ನಾನು ಅಕ್ಕನಿಗೆ ಮೊದಲೇ ಹೇಳಿದ್ದೆ, ಆದರೂ ಆ ತಿಂಗಳು ನನ್ನ ಫೋನು ಜಾಸ್ತಿಯೇ ಬಡಿಯಿತು. ಜೂನ್‌ನಿಂದ ನಿಧಾನಕ್ಕೆ ಏರಿ ಆಗಸ್ಟಿನಲ್ಲಿ 8,300 ಆಯಿತು. ಆಗಸ್ಟ್ ಅಂದರೆ ಶ್ರಾವಣ, ಗಣೇಶನ ಹಬ್ಬ. ಆ ಏರಿಕೆಯಲ್ಲಿ ಹಬ್ಬದ ಪಾಲೆಷ್ಟು, ನಮ್ಮ ಕಾರ್ಡಿನ ಪಾಲೆಷ್ಟು ಅಂತ ಬಿಡಿಸಲು ಬರುವುದಿಲ್ಲ.

ಪ್ಯಾಕೆಟ್ಟು ಎಣಿಸಿ ಸಮಾಧಾನಪಟ್ಟುಕೊಳ್ಳುವುದೂ ಸರಿಯಲ್ಲ. 9,000 ಪ್ಯಾಕೆಟ್ಟು 200 ಗ್ರಾಂ ಅಂದರೆ 1,800 ಕೆ.ಜಿ. 8,300 ಪ್ಯಾಕೆಟ್ಟು 180 ಗ್ರಾಂ ಅಂದರೆ 1,494 ಕೆ.ಜಿ. ಬಾಣಲೆಯ ಮುಂದೆ ಕೂತವರಿಗೆ ಕೆಲಸ ಕೊಡುವುದು ಕೆ.ಜಿ. ಕಾಣಿಸುವಂತೆ ಬದಲಾದದ್ದು ಒಂದೇ: ತಕ್ಕಡಿ ಮೇಲೆ ಇಡು ಅನ್ನುವ ದೂರು ಬರಲಿಲ್ಲ, ಮಾಲು ವಾಪಸ್ ಬರಲಿಲ್ಲ.

ಮೇ ಕೊನೆಯಲ್ಲಿ ಸರ್ಕಾರ ಕಚ್ಚಾ ಅಡುಗೆ ಎಣ್ಣೆಯ ಆ ಒಟ್ಟು ಸುಂಕದೊಳಗಿನ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿತು. ಎರಡು ಅಂಗಡಿಯವರು ಕಾರ್ಡು ತೋರಿಸಿ ಕೇಳಿಯೇಬಿಟ್ಟರು, ಎಣ್ಣೆ ಇಳೀತಲ್ಲ, ಈಗ? ಅಕ್ಕನ ಬಿಲ್ಲಿನಲ್ಲಿ ಎಣ್ಣೆ ಕೆ.ಜಿ.ಗೆ ನಾಲ್ಕೈದು ರೂಪಾಯಿ ಇಳಿದಿತ್ತು, ಕೊಬ್ಬರಿ ಅದಕ್ಕಿಂತ ಜಾಸ್ತಿ ಏರಿತ್ತು. ಅದನ್ನೇ ಬರೆದು ಕಾರ್ಡು ಬದಲಿಸಿದರು. ಆ ಮಾತು ಕವರಿನ ಮೇಲೆ ಇದ್ದಿದ್ದರೆ ಮತ್ತೆ ಗುಜರಿಯೇ ಗತಿಯಾಗುತ್ತಿತ್ತು.

ಕೊನೆಯ ತಿರುವು 2025ರ ಸೆಪ್ಟೆಂಬರ್ 22ರದ್ದು. ಪ್ಯಾಕ್ ಮಾಡಿದ ಖಾರದ ತಿಂಡಿಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. 50 ರೂಪಾಯಿ ಪ್ಯಾಕೆಟ್ಟನ್ನು 47 ಮಾಡಬಹುದಿತ್ತು, ಆದರೆ ಮತ್ತೆ ಅದೇ ಚಿಲ್ಲರೆ ಗೋಳು. ತೂಕದಲ್ಲಿ ಕೊಡುವುದಾದರೆ 180ನ್ನು 1.12ರಿಂದ ಗುಣಿಸಿ 1.05ರಿಂದ ಭಾಗಿಸಬೇಕು. ಕರಾರುವಾಕ್ಕಾಗಿ 192 ಗ್ರಾಂ ಬಂತು. ಏಜೆನ್ಸಿಯವರು ಈಗ ಫುಲ್ ಖುಷಿ. ‘ವೃತ್ತದಲ್ಲಿ 12 ಗ್ರಾಂ ಉಚಿತ ಅಂತ ಹಾಕ್ಸಿ ಅಕ್ಕಾ!’

‘ಇನ್ನೂರು ಇದ್ದದ್ದು ಇನ್ನೂ ಇನ್ನೂರು ಆಗಿಲ್ಲ. ಉಚಿತ ಎಲ್ಲಿಂದ ಬಂತು?’ ಅಂದರು ಅಕ್ಕ. ಈ ಸಲ ನನ್ನನ್ನು ಕೇಳಲೂ ಇಲ್ಲ. ವೃತ್ತದೊಳಗೆ 192 ಗ್ರಾಂ. ಕೆಳಗೆ ಅದೇ ಅಳತೆಯ ಅಕ್ಷರದಲ್ಲಿ: ‘ಮೊದಲು 180 ಗ್ರಾಂ ಇತ್ತು, ತೆರಿಗೆ ಇಳಿದದ್ದಕ್ಕೆ ಈಗ 192 ಗ್ರಾಂ. ಬೆಲೆ ಅದೇ 50 ರೂ. ಕೆ.ಜಿ.ಗೆ 278 ರೂ. ಬೀಳುತ್ತಿದ್ದದ್ದು ಈಗ 260 ರೂ. ಬೀಳುತ್ತದೆ.’

ಆ ಕಾಂಡಿಮೆಂಟ್ಸ್ ಅಂಗಡಿಯ ಅಜ್ಜಿ ಈಗ ತಕ್ಕಡಿ ಕೇಳುವುದಿಲ್ಲವಂತೆ. ಮನೆಗೆ ಹೋಗಿ ಡಬ್ಬಿಗೆ ಸುರಿದು ಎಣಿಸುತ್ತಾರಂತೆ. ಹದಿನೈದು ಇದ್ದದ್ದು ಹದಿನಾರು ಆಗಿದೆ ಅಂತ ಬಂದು ಹೇಳಿ ಹೋದರಂತೆ.